ಸಾಲು ಆರು ಎಂದರೆ ಎಲ್ಲರಿಗೂ ಆರೇ

ಕೊಡಗು, ಚಿಕ್ಕಮಗಳೂರು ಕಡೆಯ ಹೋಂಸ್ಟೇ, ರೆಸಾರ್ಟ್‌ಗಳಲ್ಲಿ ಈಗ ಕೋಣೆ ಸಿದ್ಧ ಮಾಡುವವರ ಪೈಕಿ ಊರಿನ ಹೆಂಗಸರ ಜೊತೆಗೆ ಅಸ್ಸಾಂ, ಜಾರ್ಖಂಡ್, ಒಡಿಶಾ, ನೇಪಾಳದಿಂದ ಬಂದವರೂ ಇರುತ್ತಾರೆ. ಮಾಲೀಕರು ಹೇಳುವುದು ಕನ್ನಡದಲ್ಲಿ, ಸೂಪರ್‌ವೈಸರ್ ದಾಟಿಸುವುದು ಹರಕುಮುರುಕು ಹಿಂದಿಯಲ್ಲಿ. ಕೇಳಿಸಿಕೊಂಡವರು ಮನೆಯಲ್ಲಿ ಮಾತಾಡುವುದು ಮೂರನೆಯ ಭಾಷೆ. ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬ ಅತಿಥಿ ಕೋಣೆ ಬಿಟ್ಟರೆ ಮಧ್ಯಾಹ್ನ ಒಂದಕ್ಕೆ ಇನ್ನೊಬ್ಬರು ಬಂದಿರುತ್ತಾರೆ. ನಡುವಿನ ಎರಡು ಗಂಟೆಯಲ್ಲಿ ಕೋಣೆ ಪ್ರತಿ ಸಲವೂ ಒಂದೇ ರೀತಿ ಸಿದ್ಧವಾಗಬೇಕಾದರೆ ನೆಚ್ಚಿಕೊಳ್ಳಬಹುದಾದದ್ದು ಬಾಯಿಮಾತನ್ನಲ್ಲ, ಟ್ರಾಲಿಗೆ ತೂಗುಹಾಕಿದ ಒಂದು ಹಾಳೆಯನ್ನು. ಎಡಕ್ಕೆ ಕನ್ನಡ, ಬಲಕ್ಕೆ ಹಿಂದಿ, ನಡುವೆ ಸಾಲಿನ ಸಂಖ್ಯೆ ಇರುವ ಆ ಚೆಕ್‌ಲಿಸ್ಟನ್ನು ಬರೆಯುವುದೂ ಒಂದು ಕಸುಬು.

ಬಹಳ ಕಡೆ ಗೋಡೆಯ ಮೇಲಿನ ಪಟ್ಟಿಯಲ್ಲಿ ‘ಬಾತ್‌ರೂಮ್ ಚೆನ್ನಾಗಿ ಸ್ವಚ್ಛ ಮಾಡಿ’ ಎಂದು ಒಂದೇ ಸಾಲು ಇರುತ್ತದೆ. ಅದನ್ನು ಯಾವ ಭಾಷೆಗೆ ತಂದರೂ ಪ್ರಯೋಜನವಿಲ್ಲ. ‘ಚೆನ್ನಾಗಿ’ ಅಂದರೆ ಎಷ್ಟು ಎಂಬುದು ಕನ್ನಡದಲ್ಲೇ ಬರೆದಿಲ್ಲ. ಒಬ್ಬಳು ಬಕೆಟ್ ನೀರು ಹೊಯ್ದು ಗುಡಿಸುತ್ತಾಳೆ, ಇನ್ನೊಬ್ಬ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾನೆ. ಇಬ್ಬರೂ ಹೇಳಿದ್ದನ್ನೇ ಮಾಡಿರುತ್ತಾರೆ. ಆದ್ದರಿಂದ ಎರಡನೆಯ ಭಾಷೆಗೆ ಕೈ ಹಾಕುವ ಮೊದಲು ಮೊದಲನೆಯದನ್ನು ಸರಿಪಡಿಸಬೇಕು.

ಇದೇ ಕಷ್ಟ ವಿಮಾನ ಉದ್ಯಮಕ್ಕೂ ಎದುರಾಗಿತ್ತು. ವಿಮಾನ ದುರಸ್ತಿ ಮಾಡುವವರಲ್ಲಿ ಬಹುಮಂದಿಗೆ ಇಂಗ್ಲಿಷ್ ಮನೆಮಾತಲ್ಲ, ಆದರೆ ಕೈಪಿಡಿಗಳು ಇಂಗ್ಲಿಷಿನಲ್ಲೇ ಇದ್ದವು. ಯುರೋಪಿನ ವಿಮಾನ ತಯಾರಕರು 1980ರ ದಶಕದಲ್ಲಿ ಸರಳ ಇಂಗ್ಲಿಷಿನ ನಿಯಮಾವಳಿಯೊಂದನ್ನು ರೂಪಿಸಿದರು. ಇಂದು ಅದರ ಹೆಸರು ಎಎಸ್‌ಡಿ-ಎಸ್‌ಟಿಇ100. ಒಂದು ಪದಕ್ಕೆ ಒಂದೇ ಅರ್ಥ, ಒಂದು ವಾಕ್ಯಕ್ಕೆ ಸಾಮಾನ್ಯವಾಗಿ ಒಂದೇ ಸೂಚನೆ, ಸೂಚನೆಯ ವಾಕ್ಯ 20 ಪದ ಮೀರಬಾರದು ಎಂಬುವು ಅದರ ಮುಖ್ಯ ಕಟ್ಟಳೆಗಳು. ಜೆಟ್ ಎಂಜಿನ್ನಿಗೆ ಸಲ್ಲುವ ಈ ಕಟ್ಟಳೆಗಳು ಕಮೋಡಿಗೂ ಚಾಚೂ ತಪ್ಪದೆ ಸಲ್ಲುತ್ತವೆ.

ಬಾತ್‌ರೂಮಿನ ಆ ಒಂದು ಸಾಲನ್ನೇ ಬಿಡಿಸಿ ನೋಡೋಣ. ಕೆಲಸ ಬಲ್ಲವರು ಮೊದಲು ಕನ್ನಡಿಗೆ ಕೈ ಹಾಕುವುದಿಲ್ಲ. ಗ್ಲೌಸ್ ಹಾಕಿಕೊಂಡು, ಫ್ಲಶ್ ಮಾಡಿ, ಕಮೋಡಿನ ಒಳ ಅಂಚಿನ ಕೆಳಗೆ ಸುತ್ತಲೂ ಟಾಯ್ಲೆಟ್ ಕ್ಲೀನರ್ ಬಿಡುತ್ತಾರೆ. ಕಲೆ ಸಡಿಲವಾಗಲು ಅದಕ್ಕೆ ಹೊತ್ತು ಬೇಕು. ಆ ಹೊತ್ತಿನಲ್ಲಿ ಕನ್ನಡಿ, ವಾಶ್‌ಬೇಸಿನ್, ಶವರಿನ ಗೋಡೆ ಮುಗಿಯುತ್ತವೆ. ಆಮೇಲೆ ಬ್ರಷ್ಷಿನಿಂದ ಉಜ್ಜಿ ಫ್ಲಶ್ ಮಾಡಿ, ಸೀಟನ್ನು ಅದಕ್ಕೆಂದೇ ಇಟ್ಟ ಕೆಂಪು ಬಟ್ಟೆಯಲ್ಲಿ ಒರೆಸುತ್ತಾರೆ. ನೆಲ ಕೊನೆಗೆ, ಒಳಮೂಲೆಯಿಂದ ಶುರುಮಾಡಿ ಬಾಗಿಲ ಕಡೆಗೆ. ಬರೆಯುವಾಗ ಇದು ಹತ್ತು ಹನ್ನೊಂದು ಸಾಲಾಗುತ್ತದೆ. ಸಾಲು ಹೆಚ್ಚಾಯಿತೆಂದು ಗಾಬರಿ ಬೇಡ. ಓದಲು ಹಿಡಿಯುವ ಹೊತ್ತು ಮೊದಲ ವಾರಕ್ಕಷ್ಟೇ.

ಕಾಯುವ ಸಾಲು ತುಂಬ ಸಲ ತಪ್ಪುತ್ತದೆ. ‘ಲಿಕ್ವಿಡ್ ಹಾಕಿ 10 ನಿಮಿಷ ಬಿಡಿ’ ಎಂದು ಬರೆದು, ಪಕ್ಕದಲ್ಲಿ ‘ದಸ್ ಮಿನಟ್ ಛೋಡ್ ದೇಂ’ ಎಂದರೆ, ಹಿಂದಿಯನ್ನು ಕೆಲಸದ ಮಟ್ಟಿಗೆ ಕಲಿತವರು ಅದನ್ನು ಈ ಕೆಲಸ ಬಿಟ್ಟುಬಿಡಿ ಎಂದೂ ಓದಬಹುದು. ‘ಲಿಕ್ವಿಡ್ ಹಾಕಿ’ ಎಂಬುದನ್ನು ಒಂದು ಸಾಲಾಗಿಸಿ. ‘10 ನಿಮಿಷ ಕಮೋಡ್ ಮುಟ್ಟಬೇಡಿ. ಈಗ 5, 6, 7 ಮಾಡಿ’ ಎಂಬುದು ಮುಂದಿನ ಸಾಲಾಗಲಿ. ಆಗ ತಪ್ಪಾಗಿ ಓದಲು ಜಾಗವೇ ಉಳಿಯುವುದಿಲ್ಲ. ‘ಚೆಕ್ ಮಾಡಿ’ ಎಂಬ ಮಾತಿನದೂ ಇದೇ ಕತೆ. ಸೋಪು ಚೆಕ್ ಮಾಡಿ ಎಂದರೆ ಇದೆಯೇ ಎಂದು ನೋಡುವುದೋ, ಇಲ್ಲದಿದ್ದರೆ ಇಡುವುದೋ? ‘ಹೊಸ ಸೋಪು 2 ಇಡಿ’ ಎಂದು ಬರೆದರೆ ಮುಗಿಯಿತು.

ಪ್ರತಿ ಸಾಲಿನಲ್ಲೂ ಕೆಲಸದ ಹಿಂದೆ ಅದರ ಗುರುತು ಇರಬೇಕು, ಅಂದರೆ ಮುಗಿದ ಮೇಲೆ ಕಣ್ಣಿಗೆ ಏನು ಕಾಣಬೇಕು ಎಂಬುದು. ಸಾಲು 6: ‘ನಲ್ಲಿಯನ್ನು ಒಣ ಬಟ್ಟೆಯಲ್ಲಿ ಒರೆಸಿ. ನೀರಿನ ಹನಿ ಕಾಣಬಾರದು.’ ಇಲ್ಲಿ ‘ಹನಿ’ ಎಂಬ ಪದವನ್ನು ಆರಿಸಿಕೊಳ್ಳಲು ಕಾರಣವಿದೆ. ಬೋರ್‌ವೆಲ್ ನೀರಿರುವ ಕಡೆ ನಲ್ಲಿಯ ಬುಡದಲ್ಲಿ ಬಿಳಿ ಉಪ್ಪಿನ ಕಲೆ ಕಟ್ಟಿರುತ್ತದೆ. ‘ಕಲೆ ಕಾಣಬಾರದು’ ಎಂದು ಬರೆದರೆ ಹೊಸಬರು ಅದನ್ನು ತೆಗೆಯಲು ಟಾಯ್ಲೆಟ್ ಕ್ಲೀನರನ್ನೇ ಹಚ್ಚಿ ಉಜ್ಜುತ್ತಾರೆ. ಅದರ ಆಮ್ಲಕ್ಕೆ ನಲ್ಲಿಯ ಹೊಳಪು ಹೋಗುತ್ತದೆ. ದಿನದ ಕೆಲಸದಲ್ಲಿ ಆಗದ ಮಾತನ್ನು ದಿನದ ಪಟ್ಟಿಯಲ್ಲಿ ಬರೆಯಬಾರದು. ಉಪ್ಪಿನ ಕಲೆ ತೆಗೆಯುವುದು ವಾರದ ಪಟ್ಟಿಗೆ ಹೋಗಲಿ.

ಅಳತೆಗೂ ಇದೇ ಎಚ್ಚರಿಕೆ ಬೇಕು. ‘ಒಂದು ಮುಚ್ಚಳ ಲಿಕ್ವಿಡ್’ ಎಂದರೆ ಬಾಟಲಿ ಬದಲಾದಾಗ ಮುಚ್ಚಳವೂ ಬದಲಾಗುತ್ತದೆ. ಸ್ಪ್ರೇ ಬಾಟಲಿಯ ಮೇಲೆ ಪೇಂಟಿನಲ್ಲಿ ಎರಡು ಗೆರೆ ಎಳೆದು, ಕೆಳಗೆರೆಯವರೆಗೆ ಲಿಕ್ವಿಡ್, ಮೇಲ್ಗೆರೆಯವರೆಗೆ ನೀರು ಎಂದು ಬರೆಯುವುದು ಒಳ್ಳೆಯದು. ಅಂಕಿಗಳು ಎರಡೂ ಅಂಕಣದಲ್ಲಿ 1, 2, 3 ಎಂದೇ ಇರಲಿ. ದಿಂಬಿನ ಕವರಿನ ಬಾಯಿ ಎಡಕ್ಕಿರಲಿ ಎಂದರೆ ಮುಂದಿನ ಕೋಣೆಯಲ್ಲಿ ಮಂಚ ತಿರುಗಿರುತ್ತದೆ, ‘ಬಾಗಿಲಿನಿಂದ ಆಚೆ ಬದಿಗೆ’ ಎಂಬುದು ಎಲ್ಲ ಕೋಣೆಗೂ ಹೊಂದುತ್ತದೆ.

ಒಂದು ಮಾತು ಮಾತ್ರ ಸಾಲುಗಳ ನಡುವೆ ಇರಕೂಡದು. ಆಮ್ಲವಿರುವ ಟಾಯ್ಲೆಟ್ ಕ್ಲೀನರ್ ಜೊತೆ ಬ್ಲೀಚ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು. ಈ ಎಚ್ಚರಿಕೆ ಹಾಳೆಯ ತಲೆಯಲ್ಲಿ, ಚೌಕಟ್ಟಿನೊಳಗೆ, ಎರಡೂ ಬಾಟಲಿಗಳ ಫೋಟೊ ಮತ್ತು ನಡುವೆ ಕೆಂಪು ಇಂಟುಗುರುತಿನ ಜೊತೆಗಿರಬೇಕು. ಓದಲು ಬಾರದವರಿಗೂ ಅದು ತಿಳಿಯಬೇಕು.

ಸಂಖ್ಯೆಯ ಉಪಯೋಗ ಗೊತ್ತಾಗುವುದು ತಪಾಸಣೆಯ ಹೊತ್ತಿನಲ್ಲಿ. ಕನ್ನಡವಷ್ಟೇ ಬಲ್ಲ ಸೂಪರ್‌ವೈಸರಮ್ಮ ‘ನಾಲ್ಕನೇ ರೂಮು, ಸಾಲು ಆರು’ ಎಂದು ಬೆರಳಲ್ಲಿ ತೋರಿಸಿದರೂ ಸಾಕು, ಒಡಿಯಾ ಮಾತಾಡುವ ಹುಡುಗ ಬಟ್ಟೆ ತಗೊಂಡು ನಲ್ಲಿಯತ್ತ ಹೋಗುತ್ತಾನೆ. ಬೈಗುಳವೂ ಇಲ್ಲ, ದುಭಾಷಿಯೂ ಬೇಡ. ಇದಕ್ಕಾಗಿಯೇ ಎರಡು ಭಾಷೆ ಒಂದೇ ಹಾಳೆಯಲ್ಲಿರಬೇಕು. ಬೇರೆ ಬೇರೆ ಹಾಳೆ ಮಾಡಿದರೆ ಕನ್ನಡದ್ದಕ್ಕೆ ಒಂದು ಸಾಲು ಸೇರಿಸಿದ ದಿನ ಹಿಂದಿಯದ್ದು ಮರೆತುಹೋಗುತ್ತದೆ, ಆಮೇಲೆ ಅಲ್ಲಿ ಆರು ಇಲ್ಲಿ ಏಳಾಗುತ್ತದೆ.

ಎರಡನೆಯ ಭಾಷೆ ಹಿಂದಿಯೇ ಆಗಬೇಕೆಂದೇನೂ ಇಲ್ಲ. ಅಸ್ಸಾಮಿನಿಂದ ಬಂದವರಲ್ಲಿ ಹಿಂದಿ ಮಾತು ತಿಳಿದರೂ ನಾಗರಿ ಲಿಪಿ ಸರಾಗವಾಗಿ ಓದಲಾಗದವರು ಇದ್ದಾರೆ. ಅವರು ಕಲಿತದ್ದು ಅಸ್ಸಾಮಿ ಅಥವಾ ಬಂಗಾಳಿ ಲಿಪಿ. ಯಾವುದನ್ನು ಓದುತ್ತೀರಿ ಎಂದು ಎಲ್ಲರೆದುರು ಕೇಳಿದರೆ ನಾಚಿಕೆಗೆ ‘ಎಲ್ಲ ಬರುತ್ತದೆ’ ಎನ್ನುತ್ತಾರೆ. ಒಬ್ಬೊಬ್ಬರನ್ನೇ ಕರೆದು ಎರಡು ಸಾಲು ಓದಿಸಿ ನೋಡಬೇಕು. ಓದು ಬಾರದವರಿಗೆ ಹಾಳೆಯ ಮೇಲೆ ಹೊರೆ ಹಾಕದೆ, ಮಾಡಿ ತೋರಿಸಿ ಫೋಟೊ ಅಂಟಿಸುವುದೇ ದಾರಿ.

ಪಟ್ಟಿ ಕೆಲಸ ಮಾಡುತ್ತಿಲ್ಲ ಎಂಬುದು ಹಾಳೆಯಲ್ಲೇ ಕಾಣುತ್ತದೆ. ಎಲ್ಲ ಟಿಕ್ಕುಗಳೂ ಒಂದೇ ಓಟದಲ್ಲಿ, ಒಂದೇ ಓರೆಯಲ್ಲಿ ಬಿದ್ದಿದ್ದರೆ ಅವನ್ನು ಕೆಲಸ ಮುಗಿದ ಮೇಲೆ ಹೊರಗೆ ನಿಂತು ಹಾಕಲಾಗಿದೆ. ಒಂದೇ ಸಾಲು ಮೂರು ಜನರ ಕೈಯಲ್ಲಿ ತಪ್ಪುತ್ತಿದ್ದರೆ ಜನರನ್ನಲ್ಲ, ಸಾಲನ್ನು ತಿದ್ದಬೇಕು.

ನಿಮ್ಮಲ್ಲೂ ಇಂಥ ಪಟ್ಟಿ ಮಾಡುವುದಿದ್ದರೆ, ಲ್ಯಾಮಿನೇಷನ್‌ಗೆ ಕೊಡುವ ಮೊದಲು ಹಾಳೆಯನ್ನು ಅತಿ ಹೊಸಬರ ಕೈಗಿಟ್ಟು ಒಂದು ಬಾತ್‌ರೂಮ್ ಮುಗಿಸಲು ಹೇಳಿ. ನೀವು ಬಾಗಿಲಲ್ಲಿ ನಿಂತು ನೋಡಿ, ತುಟಿ ಬಿಚ್ಚಬೇಡಿ. ಅವರು ತಲೆಯೆತ್ತಿ ನಿಮ್ಮನ್ನು ನೋಡಿದ ಪ್ರತಿ ಸಾಲಿಗೂ ಗುರುತು ಹಾಕಿಕೊಂಡು, ಎರಡೂ ಭಾಷೆಯಲ್ಲಿ ಅದನ್ನು ಮತ್ತೆ ಬರೆಯಿರಿ.