ಲಾರಿ ಎಡಕ್ಕೆ ತಿರುಗಿದಾಗ: ಸೈಕಲ್ ಸವಾರನ ಹೇಳಿಕೆಯಲ್ಲಿ ಏನಿರಬೇಕು?

ಸಂಜೆ ಏಳರ ಹೊತ್ತು. ರಸ್ತೆಯ ಎಡಬದಿಯಲ್ಲಿ ನೇರ ಹೊರಟ ಸೈಕಲ್ಲನ್ನು ಹಿಂದಿನಿಂದ ಬಂದ ಲಾರಿ ದಾಟುತ್ತದೆ. ಪೂರ್ತಿ ದಾಟುವ ಮೊದಲೇ ಸರ್ಕಲ್ಲಿನಲ್ಲಿ ಎಡಕ್ಕೆ ತಿರುಗುತ್ತದೆ. ಕಾಲು ಮುರಿದ ಸವಾರ ಆಸ್ಪತ್ರೆ ಸೇರುತ್ತಾನೆ, ಹೇಳಿಕೆ ಪಡೆಯಲು ಪೊಲೀಸರು ಬರುತ್ತಾರೆ. ನೋವಿನಲ್ಲಿರುವವನ ಬಾಯಲ್ಲಿ ಬರುವುದು ಒಂದೇ ಮಾತು: ‘ಲಾರಿ ಅತಿವೇಗವಾಗಿ ಬಂದು ಗುದ್ದಿತು.’

ಇಷ್ಟರಿಂದ ಅಪಘಾತ ಹೇಗಾಯಿತೆಂದು ತಿಳಿಯುವುದಿಲ್ಲ. ತಿರುಗುವ ಲಾರಿ ಎಷ್ಟೋ ಸಲ ನಿಧಾನವಾಗಿಯೇ ಇರುತ್ತದೆ. ಯಾರು ಯಾರ ಪಕ್ಕಕ್ಕೆ ಬಂದರು ಎಂಬುದೇ ಇಲ್ಲಿ ಮುಖ್ಯ. ತಿರುವಿನಲ್ಲಿ ಲಾರಿಯ ಹಿಂಗಾಲಿಗಳು ಮುಂಗಾಲಿಗಳ ಜಾಡು ಬಿಟ್ಟು ಒಳಗಡೆಗೆ ಸರಿಯುತ್ತವೆ. ಪಕ್ಕದಲ್ಲಿರುವ ಸೈಕಲ್ಲಿಗೆ ಪೆಟ್ಟು ಬೀಳುವುದು ಆಗಲೇ. ಆದರೆ ಸಿಗ್ನಲ್ಲಿನಲ್ಲಿ ನಿಂತ ಲಾರಿಯ ಎಡಕ್ಕೆ ಸವಾರನೇ ನುಸುಳಿದ್ದರೂ ಲಾರಿಯ ಮೇಲೆ ಅಂಥದೇ ಗೀರು ಬೀಳುತ್ತದೆ. ಎರಡರ ವ್ಯತ್ಯಾಸವನ್ನು ಹೇಳಿಕೆಯೇ ತಿಳಿಸಬೇಕು.

ಹಾಗಾಗಿ ಈ ಸವಾರ ಹೀಗೆ ಹೇಳುವುದು ಮೇಲು: ‘ನಾನು ಫುಟ್‌ಪಾತಿನಿಂದ ಸುಮಾರು ಮೂರು ಅಡಿ ದೂರದಲ್ಲಿ ನೇರ ಹೋಗುತ್ತಿದ್ದೆ. ಲಾರಿ ನನ್ನ ಬಲಗಡೆಯಿಂದ ಮುಂದಕ್ಕೆ ಬಂತು. ಕ್ಯಾಬಿನ್ ನನ್ನನ್ನು ದಾಟಿದ ಮೇಲೆ ಎಡಕ್ಕೆ ವಾಲಿತು. ಲಾರಿಯ ನಡುಭಾಗ ನನ್ನ ಹ್ಯಾಂಡಲಿಗೆ ತಾಗಿತು.’

ಬೆಳಕಿನ ವಿಷಯದಲ್ಲಿ ಸೈಕಲ್ಲಿನ ಮುಂದೆ, ಹಿಂದೆ ದೀಪ ಉರಿಯುತ್ತಿತ್ತೇ, ರಿಫ್ಲೆಕ್ಟರ್ ಇತ್ತೇ, ಹತ್ತಿರದ ಬೀದಿದೀಪ ಹತ್ತಿತ್ತೇ ಎಂಬುದನ್ನು ಹೇಳಬೇಕು. ಇಂಡಿಕೇಟರ್ ಬಗ್ಗೆ ಎಚ್ಚರ ಬೇಕು. ‘ಹಾಕಿರಲಿಲ್ಲ’ ಎನ್ನುವುದು ಬೇರೆ, ‘ನನಗೆ ಕಾಣಲಿಲ್ಲ’ ಎನ್ನುವುದು ಬೇರೆ. ಲಾರಿಯ ಪಕ್ಕದಲ್ಲಿದ್ದವನಿಗೆ ಹಿಂದಿನ ಇಂಡಿಕೇಟರ್ ಕಾಣದೆ ಹೋಗಿರಬಹುದು. ಕಂಡಷ್ಟನ್ನೇ ಹೇಳಿದರೆ, ಮುಂದೆ ಸಿಸಿಟಿವಿ ದೃಶ್ಯ ಸಿಕ್ಕಾಗ ಮಾತು ಸುಳ್ಳಾಗುವುದಿಲ್ಲ.

ರಸ್ತೆಯ ಗುರುತುಗಳಲ್ಲಿ ಮೊದಲು ನೋಡಬೇಕಾದ್ದು ಬಾಣ. ಸವಾರನಿದ್ದ ಸಾಲಿನಲ್ಲಿ ಎಡಕ್ಕೆ ಮಾತ್ರ ಬಾಣವಿದ್ದು, ಅವನು ನೇರ ಹೊರಟಿದ್ದರೆ ತಪ್ಪಿನ ಪಾಲು ಅವನ ಮೇಲೂ ಬರಬಹುದು. ನೇರ ಬಾಣವಿದ್ದರೆ ಅಥವಾ ಬಣ್ಣ ಮಾಸಿ ಬಾಣವೇ ಕಾಣದಿದ್ದರೆ ಅದನ್ನೂ ಬರೆಸಬೇಕು. ಡಿಕ್ಕಿಯಾದ ಜಾಗವನ್ನು ಸ್ಟಾಪ್ ಲೈನ್, ವಿದ್ಯುತ್ ಕಂಬಗಳಂಥ ಕದಲದ ಗುರುತಿನಿಂದ ಹೇಳಬೇಕು. ಸ್ಥಳ ಮಹಜರಿನ ನಕ್ಷೆಯಲ್ಲಿ ಅಳತೆ ಹಾಕುವಾಗ ಇದು ನೆರವಾಗುತ್ತದೆ. ಸವಾರ ಹಾಸಿಗೆಯಲ್ಲಿದ್ದರೆ ಮನೆಯವರೊಬ್ಬರು ಗುರುತುಗಳ ಫೋಟೊ ತೆಗೆದಿಡಲಿ. ಒಡೆದ ಸೈಕಲ್ ದೀಪವನ್ನೂ ಎಸೆಯಬಾರದು.

ಪರಿಹಾರದ ಮೊತ್ತವೂ ಇದನ್ನೇ ನೆಚ್ಚಿಕೊಂಡಿರುತ್ತದೆ. ನ್ಯಾಯಮಂಡಳಿ ಸವಾರನ ಮೇಲೆ ಶೇ 25ರಷ್ಟು ತಪ್ಪು ಹೊರಿಸಿದರೆ, 4 ಲಕ್ಷ ರೂಪಾಯಿ ಪರಿಹಾರ 3 ಲಕ್ಷಕ್ಕೆ ಇಳಿಯುತ್ತದೆ.

ಸವಾರ ಕೊಟ್ಟ ದೂರಿನ ಮೇಲೆಯೇ ಎಫ್‌ಐಆರ್ ಆಗುವುದಿದ್ದರೆ, ಪೊಲೀಸರು ಬರೆದುಕೊಂಡದ್ದನ್ನು ಓದಿ ಹೇಳಿ ಸಹಿ ಪಡೆಯಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ‘ಲಾರಿ ಹಿಂದಿನಿಂದ ಗುದ್ದಿತು’ ಎಂದು ತಪ್ಪಾಗಿ ಬರೆದಿದ್ದರೆ, ಸಹಿಗೆ ಮೊದಲೇ ‘ಬಲಗಡೆಯಿಂದ ದಾಟಿ ಎಡಕ್ಕೆ ತಿರುಗಿತು’ ಎಂದು ತಿದ್ದಿಸಬೇಕು.