ಛೇದದ ಸೆಲ್ ಖಾಲಿಯಿದ್ದರೆ

ಸಾಲ ಕೇಳಿ ಬಂದ ಸಂಸ್ಥೆಯ ಬ್ಯಾಲೆನ್ಸ್ ಶೀಟು ಕೈಗೆ ಸಿಕ್ಕಾಗ ಬ್ಯಾಂಕಿನವರ ಕಣ್ಣು ಸಾಮಾನ್ಯವಾಗಿ ಎರಡು ಅನುಪಾತಗಳ ಕಡೆ ಹೋಗುತ್ತದೆ. ಒಂದು ಕರೆಂಟ್ ರೇಷಿಯೋ, ಕನ್ನಡದಲ್ಲಿ ಚಾಲ್ತಿ ಅನುಪಾತ. ಒಂದು ವರ್ಷದೊಳಗೆ ಹಣವಾಗಿ ಕೈಸೇರುವ ಆಸ್ತಿಯನ್ನು, ಅದೇ ಅವಧಿಯಲ್ಲಿ ತೀರಿಸಬೇಕಾದ ಹೊಣೆಯಿಂದ ಭಾಗಿಸಿದರೆ ಇದು ಸಿಗುತ್ತದೆ. ಇನ್ನೊಂದು ಸಾಲ-ಬಂಡವಾಳ ಅನುಪಾತ. ಬಡ್ಡಿಗೆ ತಂದ ಸಾಲವನ್ನು ಮಾಲೀಕರ ಸ್ವಂತ ಬಂಡವಾಳದಿಂದ ಭಾಗಿಸಿದಾಗ ಬರುವ ಅಂಕಿ ಅದು. ಎರಡೂ ಸರಳ ಭಾಗಾಕಾರಗಳೇ. ಆದರೆ ಎಕ್ಸೆಲ್ ಹಾಳೆಯಲ್ಲಿ ಅವನ್ನು ತೆಗೆಯುವಾಗ ಮೇಲೆ ಯಾವ ಸೆಲ್ ಬರಬೇಕು, ಕೆಳಗೆ ಯಾವುದು, ಕೆಳಗಿನದು ಸೊನ್ನೆಯೋ ಖಾಲಿಯೋ ಆಗಿದ್ದರೆ ಏನು ಮಾಡಬೇಕು ಎಂಬಲ್ಲಿ ಲೆಕ್ಕ ದಾರಿ ತಪ್ಪುತ್ತದೆ.

ಗಂಗಾವತಿಯ ಕಡೆಯ ಒಂದು ರೈಸ್ ಮಿಲ್ಲನ್ನು ಊಹಿಸಿಕೊಳ್ಳಬಹುದು. ಪ್ರೈವೇಟ್ ಲಿಮಿಟೆಡ್ ಕಂಪನಿ, ಮಾರ್ಚ್ 31ರ ಲೆಕ್ಕ, ಅಂಕಿಗಳೆಲ್ಲ ಲಕ್ಷ ರೂಪಾಯಿಗಳಲ್ಲಿ. ಕಂಪನಿ ಕಾಯ್ದೆಯ ನಮೂನೆಯಲ್ಲಿ ಬಂಡವಾಳ ಮತ್ತು ಹೊಣೆ ಮೊದಲು, ಆಸ್ತಿ ಆಮೇಲೆ ಬರುತ್ತದೆ. ಹಾಳೆಯೂ ಅದೇ ಕ್ರಮದಲ್ಲಿದೆ.

```
B3   ಷೇರು ಬಂಡವಾಳ              20
B4   ಮೀಸಲು ಮತ್ತು ಉಳಿಕೆ ಲಾಭ      28
B5   ಸ್ವಂತ ಬಂಡವಾಳ, ಒಟ್ಟು         48
B6   ದೀರ್ಘಾವಧಿ ಸಾಲ             40
B7   ಅಲ್ಪಾವಧಿ ಸಾಲ              56
B8   ಭತ್ತ ಕೊಟ್ಟವರ ಬಾಕಿ          30
B9   ಇತರ ಚಾಲ್ತಿ ಹೊಣೆ            4
B10  ಚಾಲ್ತಿ ಹೊಣೆ, ಒಟ್ಟು          90
B11  ಬಂಡವಾಳ + ಹೊಣೆ          178
B12  ಕಟ್ಟಡ, ಯಂತ್ರ              64
B13  ಭತ್ತ, ಅಕ್ಕಿ ದಾಸ್ತಾನು         72
B14  ಗಿರಾಕಿಗಳಿಂದ ಬರಬೇಕಾದ್ದು     36
B15  ನಗದು, ಬ್ಯಾಂಕ್               3
B16  ಇತರ ಚಾಲ್ತಿ ಆಸ್ತಿ             3
B17  ಚಾಲ್ತಿ ಆಸ್ತಿ, ಒಟ್ಟು         114
B18  ಒಟ್ಟು ಆಸ್ತಿ               178
```

ಚಾಲ್ತಿ ಅನುಪಾತಕ್ಕೆ `=B17/B10`. 114ನ್ನು 90ರಿಂದ ಭಾಗಿಸಿದರೆ 1.27. ನೂರು ರೂಪಾಯಿ ತೀರಿಸಬೇಕಾದ ಕಡೆ ಮಿಲ್ಲಿನ ಹತ್ತಿರ ನೂರಿಪ್ಪತ್ತೇಳು ರೂಪಾಯಿಯ ಸರಕು, ಬಾಕಿ, ನಗದು ಇವೆ ಎಂದು ಇದರ ಅರ್ಥ. ಇದು ಸಾಕೇ? ಭಾರತದ ಬ್ಯಾಂಕುಗಳಲ್ಲಿ 1.33 ಎಂಬ ಗೆರೆ ಬಹುಕಾಲದಿಂದ ರೂಢಿಯಲ್ಲಿದೆ. ಅದರ ಬೇರು ರಿಸರ್ವ್ ಬ್ಯಾಂಕ್ 1974ರಲ್ಲಿ ನೇಮಿಸಿದ ಟಂಡನ್ ಸಮಿತಿಯ ಎರಡನೆಯ ವಿಧಾನದಲ್ಲಿದೆ. ಚಾಲ್ತಿ ಆಸ್ತಿಯ ಕಾಲು ಭಾಗವನ್ನು ಉದ್ಯಮಿ ತನ್ನ ದೀರ್ಘಕಾಲದ ಹಣದಿಂದಲೇ ಹೂಡಬೇಕು ಎಂದು ಆ ವಿಧಾನ ಹೇಳಿತು. ಆಗ ಚಾಲ್ತಿ ಹೊಣೆ ಉಳಿದ ಮುಕ್ಕಾಲನ್ನು ಮೀರುವಂತಿಲ್ಲ. ಒಂದನ್ನು ಮುಕ್ಕಾಲಿನಿಂದ ಭಾಗಿಸಿದರೆ ಬರುವುದೇ 1.33. ಈ ಲೆಕ್ಕಕ್ಕೆ ನಮ್ಮ ಮಿಲ್ಲು ಸ್ವಲ್ಪ ಕೆಳಗಿದೆ.

ಇಲ್ಲೇ ಒಂದು ಸೂಕ್ಷ್ಮವಿದೆ. B7ರಲ್ಲಿರುವ 56 ಲಕ್ಷ ಪೂರ್ತಿ ಕ್ಯಾಶ್ ಕ್ರೆಡಿಟ್ ಖಾತೆಯದ್ದಲ್ಲ. ಯಂತ್ರಕ್ಕೆಂದು ತಂದ ಟರ್ಮ್ ಲೋನಿನ, ಮುಂದಿನ ಹನ್ನೆರಡು ತಿಂಗಳಲ್ಲಿ ಕಟ್ಟಬೇಕಾದ 8 ಲಕ್ಷದ ಕಂತೂ ಅದರಲ್ಲಿ ಸೇರಿದೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಕಂಪನಿಗಳು ಈ ಕಂತನ್ನು ಅಲ್ಪಾವಧಿ ಸಾಲದ ಅಡಿಯಲ್ಲೇ ತೋರಿಸಬೇಕು. ಯಾರಾದರೂ ಸಾಲ ಒಂದೇ ತಾನೇ ಎಂದುಕೊಂಡು ಅಷ್ಟನ್ನೂ B6ಕ್ಕೆ ಹಾಕಿದರೆ ಚಾಲ್ತಿ ಹೊಣೆ 82ಕ್ಕೆ ಇಳಿದು ಅನುಪಾತ 1.39 ಆಗುತ್ತದೆ. ಮಿಲ್ಲಿಗೆ ಒಂದು ರೂಪಾಯಿ ಹೆಚ್ಚು ಬಂದಿಲ್ಲ, ಆದರೂ ಗೆರೆ ದಾಟಿಬಿಟ್ಟಿತು!

ಸಾಲ-ಬಂಡವಾಳ ಅನುಪಾತಕ್ಕೆ `=(B6+B7)/B5`. 96ನ್ನು 48ರಿಂದ ಭಾಗಿಸಿದರೆ 2. ಮಾಲೀಕರ ಒಂದು ರೂಪಾಯಿಗೆ ಸಾಲದ ಎರಡು ರೂಪಾಯಿ. ದೀರ್ಘಾವಧಿ ಸಾಲವನ್ನಷ್ಟೇ ಹಿಡಿದರೆ 0.83 ಬರುತ್ತದೆ, ಭತ್ತದ ಬಾಕಿಯೂ ಸೇರಿ ಹೊರಗಿನ ಹೊಣೆಯನ್ನೆಲ್ಲ ಹಿಡಿದರೆ 2.71. ಮೂರೂ ಲೆಕ್ಕಗಳು ಚಲಾವಣೆಯಲ್ಲಿವೆ. ಹಾಗಾಗಿ ಹೋಲಿಸುವ ಮುಂಚೆ ಎದುರಿನ ಅಂಕಿ ಯಾವ ಲೆಕ್ಕದ್ದು ಎಂದು ಕೇಳಿಕೊಳ್ಳಬೇಕು. ಈ ಲೇಖನದಲ್ಲಿ ಸಾಲ ಎಂದರೆ B6 ಮತ್ತು B7 ಎರಡೂ. ಮೇಲಿನ 8 ಲಕ್ಷದ ಕಂತು ಇವೆರಡರಲ್ಲಿ ಎಲ್ಲಿದ್ದರೂ ಈ ಅನುಪಾತ ಬದಲಾಗುವುದಿಲ್ಲ ಎಂಬುದು ಇದರ ಒಂದು ಅನುಕೂಲ.

ಇನ್ನು ಭಾಗಾಕಾರದ ಅಪಾಯಗಳು. ಮುಂದಿನ ವರ್ಷಕ್ಕೆಂದು C ಕಾಲಮ್ ಬಿಟ್ಟು, ಸೂತ್ರವನ್ನು ಬಲಕ್ಕೆ ಎಳೆದ ತಕ್ಷಣ ಅಲ್ಲಿ `#DIV/0!` ಕಾಣಿಸುತ್ತದೆ. ಸೊನ್ನೆಯಿಂದ ಭಾಗಿಸಲಾಗದು ಎಂದು ಎಕ್ಸೆಲ್ ಹೇಳುವ ರೀತಿ ಅದು. ಖಾಲಿ ಸೆಲ್ಲನ್ನೂ ಅದು ಭಾಗಾಕಾರದಲ್ಲಿ ಸೊನ್ನೆ ಎಂದೇ ಎಣಿಸುತ್ತದೆ. ನೋಡಲು ಚೆನ್ನಾಗಿರಲಿ ಎಂದು ಬಹಳ ಜನ ಹಚ್ಚುವ ಮದ್ದು ಇದು:

```
=IFERROR(B17/B10, 0)
```

ಮದ್ದಿಗಿಂತ ರೋಗವೇ ವಾಸಿ. ಚಾಲ್ತಿ ಅನುಪಾತ ಸೊನ್ನೆ ಎಂದರೆ ತೀರಿಸಲು ಕೈಯಲ್ಲಿ ಏನೂ ಇಲ್ಲ ಎಂದರ್ಥ. ಹೊಣೆಯೇ ಇಲ್ಲದ ಸಂಸ್ಥೆಗೆ ಈ ಸೂತ್ರ ಅದೇ ಅಂಕಿಯನ್ನು ಕೊಡುತ್ತದೆ. ಸಾಲ-ಬಂಡವಾಳದಲ್ಲಿ ಸೊನ್ನೆಯ ಅರ್ಥ ತಿರುಗುಮುರುಗು: ಸಾಲವೇ ಇಲ್ಲ. ಬಂಡವಾಳ ಪೂರ್ತಿ ಕರಗಿ ಸೊನ್ನೆಗೆ ಬಂದ ಸಂಸ್ಥೆ ಅಲ್ಲಿ ಸಾಲವಿಲ್ಲದ ಸುಖಿಯಂತೆ ಕಾಣುತ್ತದೆ. ಅದೂ ಅಲ್ಲದೆ `IFERROR` ಸೊನ್ನೆಯ ದೋಷವನ್ನಷ್ಟೇ ಮುಚ್ಚುವುದಿಲ್ಲ. ಯಾರೋ ಒಂದು ಸಾಲನ್ನು ಅಳಿಸಿ `#REF!` ಬಂದಿದ್ದರೂ, ಸೆಲ್ಲಿನಲ್ಲಿ ಅಡ್ಡಗೆರೆ ಎಳೆದು `#VALUE!` ಬಂದಿದ್ದರೂ ಅದೇ ಹೊದಿಕೆಯಡಿ ಸೇರಿಸಿಬಿಡುತ್ತದೆ.

ಸುರಕ್ಷಿತ ಭಾಗಾಕಾರ ಎಂದರೆ ದೋಷವನ್ನು ಮರೆಮಾಡುವುದಲ್ಲ, ಭಾಗಿಸುವ ಮೊದಲೇ ಛೇದವನ್ನು ಪರೀಕ್ಷಿಸುವುದು. ಛೇದ ಮೂರು ರೀತಿಯಲ್ಲಿ ಕೈಕೊಡುತ್ತದೆ: ಅಂಕಿ ಇನ್ನೂ ತುಂಬಿಲ್ಲದಿರಬಹುದು, ನಿಜವಾಗಿ ಸೊನ್ನೆ ಇರಬಹುದು, ಋಣವಾಗಿರಬಹುದು. ಮೂರಕ್ಕೂ ಬೇರೆ ಬೇರೆ ಉತ್ತರ ಬೇಕು. `B10=0` ಎಂದು ಕೇಳಿದರೆ ಮೊದಲೆರಡು ಬೇರೆಯಾಗುವುದಿಲ್ಲ. B10 ಸ್ವತಃ ಒಂದು `SUM`. ಖಾಲಿ ಸೆಲ್ಲುಗಳನ್ನು ಕೂಡಿದರೂ ಸೊನ್ನೆಯೇ ಬರುತ್ತದೆ. ಆದ್ದರಿಂದ ಮೊತ್ತವನ್ನು ಬಿಟ್ಟು, ಕೈಯಿಂದ ತುಂಬಿದ ಸೆಲ್ಲುಗಳಲ್ಲಿ ಎಷ್ಟರಲ್ಲಿ ನಿಜವಾದ ಅಂಕಿ ಇದೆ ಎಂದು `COUNT` ಮೂಲಕ ಎಣಿಸಬೇಕು. ಏನೂ ಇಲ್ಲದ ಕಡೆ ಖಾಲಿ ಬಿಡದೆ 0 ಬರೆಯುವ ಶಿಸ್ತು ಇದಕ್ಕೆ ಬೇಕಾಗುತ್ತದೆ. B20ರಲ್ಲಿ ಚಾಲ್ತಿ ಅನುಪಾತ, B21ರಲ್ಲಿ ಸಾಲ-ಬಂಡವಾಳ:

```
=IF(COUNT(B7:B9,B13:B16)<7,"ಅಂಕಿ ಬಾಕಿ",
 IF(B10<=0,"ಹೊಣೆ ಇಲ್ಲ",B17/B10))

=IF(COUNT(B3:B4,B6:B7)<4,"ಅಂಕಿ ಬಾಕಿ",
 IF(B5<=0,"ಬಂಡವಾಳ ಕರಗಿದೆ",(B6+B7)/B5))
```

ಈ ಎಣಿಕೆಯಿಂದ ಇನ್ನೊಂದು ಕಳ್ಳ ತಪ್ಪೂ ಸಿಕ್ಕಿಬೀಳುತ್ತದೆ. ಅಕೌಂಟಿಂಗ್ ಸಾಫ್ಟ್‌ವೇರಿನಿಂದಲೋ ಪಿಡಿಎಫ್‌ನಿಂದಲೋ ನಕಲು ಮಾಡಿ ತಂದ ಅಂಕಿಗಳು ಒಮ್ಮೊಮ್ಮೆ ಅಂಕಿಗಳಾಗಿರುವುದಿಲ್ಲ; ಎಕ್ಸೆಲ್ ಅವನ್ನು ಬರಹ ಎಂದು ಇಟ್ಟುಕೊಂಡಿರುತ್ತದೆ. B14ರ 36 ಹಾಗೆ ಬಂದಿದೆ ಎಂದುಕೊಳ್ಳೋಣ. `SUM` ಬರಹವನ್ನು ತುಟಿಪಿಟಕ್ಕೆನ್ನದೆ ಬಿಟ್ಟು ಮುಂದೆ ಹೋಗುತ್ತದೆ. B17ರಲ್ಲಿ 114ರ ಬದಲು 78, ಅನುಪಾತ 0.87. ದೋಷದ ಗುರುತು ಎಲ್ಲೂ ಬರುವುದಿಲ್ಲ, ಚೆನ್ನಾಗಿರುವ ಮಿಲ್ಲು ದಿವಾಳಿಯ ಅಂಚಿನಲ್ಲಿರುವಂತೆ ಕಾಣುತ್ತದೆ. `COUNT` ಅಂಥ ಸೆಲ್ಲನ್ನು ಎಣಿಸದ ಕಾರಣ ಮೇಲಿನ ಸೂತ್ರ "ಅಂಕಿ ಬಾಕಿ" ಎನ್ನುತ್ತದೆ. ಯಾವ ಸೆಲ್ ಎಂದು ಹುಡುಕಲು B19ರಲ್ಲಿ ಒಂದು ತಾಳೆ ಇಟ್ಟರೆ ಸಾಕು:

```
=ROUND(B11-B18, 2)
```

ಎರಡೂ ಬದಿ ಸಮವಿದ್ದರೆ ಇಲ್ಲಿ 0. ಈಗ 36 ಬಂದಿದೆ. ಹಾಳೆಯಲ್ಲಿ 36 ಎಲ್ಲಿದೆ ಎಂದು ನೋಡಿದರೆ ಕಳ್ಳ ಸಿಕ್ಕಿದ. ಬರಹವಾಗಿ ಕೂತ ಅಂಕಿ ಸಾಮಾನ್ಯವಾಗಿ ಸೆಲ್ಲಿನ ಎಡಕ್ಕೆ ಅಂಟಿಕೊಂಡಿರುತ್ತದೆ, ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನವೂ ಇರುತ್ತದೆ.

ಋಣದ ಛೇದಕ್ಕೆ `=0` ಬಿಟ್ಟು `<=0` ಏಕೆ ಬಳಸಬೇಕು ಎಂಬುದಕ್ಕೆ ಇದೇ ಮಿಲ್ಲಿನ ಕೆಟ್ಟ ಕಾಲವನ್ನು ಊಹಿಸಿದರೆ ಆಯಿತು. ನಷ್ಟದ ಮೇಲೆ ನಷ್ಟ ಬಂದು B4 ಮೈನಸ್ 26ಕ್ಕೆ ಇಳಿದರೆ ಸ್ವಂತ ಬಂಡವಾಳ ಮೈನಸ್ 6. ಸಾಲ 96ರಲ್ಲೇ ಇದ್ದರೆ ಬರಿಯ ಭಾಗಾಕಾರದ ಉತ್ತರ ಮೈನಸ್ 16. ಇದರಲ್ಲಿ ದೋಷದ ಗುರುತಿಲ್ಲ, ಅರ್ಥವೂ ಇಲ್ಲ. ಹತ್ತು ಮಿಲ್ಲುಗಳ ಪಟ್ಟಿಯನ್ನು ಕಡಿಮೆ ಸಾಲದವರು ಮೊದಲು ಬರುವಂತೆ ಜೋಡಿಸಿದರೆ, ಮುಳುಗಿದ ಈ ಮಿಲ್ಲೇ ಎಲ್ಲರಿಗಿಂತ ಮೇಲೆ ಕೂರುತ್ತದೆ. ಬಂಡವಾಳ ಸೊನ್ನೆಯ ಹತ್ತಿರ ಬಂದರೂ ಎಚ್ಚರ ಬೇಕು. ಅದು 1 ಲಕ್ಷ ಉಳಿದಿದ್ದರೆ ಅನುಪಾತ 96. ಮುಂದಿನ ವರ್ಷ 2 ಲಕ್ಷವಾದರೆ 48. ಸಾಲ ಅರ್ಧ ತೀರಿತು ಎಂಬ ಭ್ರಮೆ ಹುಟ್ಟಿಸುವ ಇಳಿಕೆ ಇದು, ಬದಲಾಗಿದ್ದು ಒಂದೇ ಲಕ್ಷ.

ಉತ್ತರದ ಜಾಗದಲ್ಲಿ ಮಾತು ಬರೆಯುವುದಕ್ಕೂ ಒಂದು ಬೆಲೆ ತೆರಬೇಕು. ಮುಂದಿನ ಸೆಲ್ಲಿನಲ್ಲಿ `=IF(B20>=1.33,"ಸರಿ","ಕಡಿಮೆ")` ಎಂದು ಬರೆದಿದ್ದರೆ, B20ರಲ್ಲಿ "ಅಂಕಿ ಬಾಕಿ" ಇದ್ದಾಗಲೂ ಉತ್ತರ "ಸರಿ" ಎಂದೇ ಬರುತ್ತದೆ. ಎಕ್ಸೆಲ್ಲಿನ ಹೋಲಿಕೆಯಲ್ಲಿ ಯಾವ ಬರಹವಾದರೂ ಯಾವ ಅಂಕಿಗಿಂತಲೂ ದೊಡ್ಡದು. `""` ಎಂಬ ಖಾಲಿ ಬರಹಕ್ಕೂ ಈ ಹಿರಿಮೆ ಇದೆ. ಆದ್ದರಿಂದ ಹೋಲಿಸುವ ಮುಂಚೆ ಅದು ಅಂಕಿಯೇ ಎಂದು ಕೇಳಬೇಕು:

```
=IF(ISNUMBER(B20),IF(B20>=1.33,"ಸರಿ","ಕಡಿಮೆ"),B20)
```

ಹೀಗೆ ಬರೆದರೆ ಕಾರಣದ ಮಾತು ಮುಂದಿನ ಸೆಲ್ಲಿಗೂ ಹಾಗೇ ದಾಟುತ್ತದೆ. ಸರಾಸರಿ ತೆಗೆಯುವ `AVERAGE` ಬರಹವಿರುವ ಸೆಲ್ಲುಗಳನ್ನು ತಾನೇ ಬಿಟ್ಟುಬಿಡುತ್ತದೆ. ಅಂಥವು ಎಷ್ಟು ಬಿಟ್ಟುಹೋದವು ಎಂದು ಪಕ್ಕದಲ್ಲಿ ಬರೆದಿಡುವುದು ಒಳ್ಳೆಯದು, ಹತ್ತರ ಸರಾಸರಿ ಎಂದು ತೋರುವುದು ಆರರದ್ದಾಗಿರಬಹುದು.

ಸೂತ್ರ ಎಷ್ಟೇ ಗಟ್ಟಿಯಿದ್ದರೂ ಅದು ಹಿಡಿಯಲಾರದ ಒಂದು ಸಂಗತಿ ಉಳಿಯುತ್ತದೆ. ಬ್ಯಾಲೆನ್ಸ್ ಶೀಟು ಒಂದು ದಿನದ ಚಿತ್ರ. ನಮ್ಮ ಮಿಲ್ಲಿನವರು ಮಾರ್ಚ್ ಕೊನೆಯ ವಾರದಲ್ಲಿ ಗಿರಾಕಿಗಳಿಂದ 20 ಲಕ್ಷ ವಸೂಲು ಮಾಡಿ, ಅಷ್ಟನ್ನೂ ಭತ್ತ ಕೊಟ್ಟವರಿಗೆ ಕೊಟ್ಟಿದ್ದರೆ ಚಾಲ್ತಿ ಆಸ್ತಿ 94, ಚಾಲ್ತಿ ಹೊಣೆ 70 ಆಗುತ್ತಿತ್ತು. ಅನುಪಾತ 1.34. ಅನುಪಾತ ಒಂದಕ್ಕಿಂತ ಮೇಲಿದ್ದಾಗ ಎರಡೂ ಕಡೆಯಿಂದ ಒಂದೇ ಮೊತ್ತ ಕಳೆದರೆ ಅದು ಏರುತ್ತದೆ, ಗಣಿತವೇ ಹಾಗೆ. ಇದರಲ್ಲಿ ಸುಳ್ಳೇನೂ ಇಲ್ಲ, ಸೆಲ್ಲುಗಳೆಲ್ಲ ಸರಿಯಾಗಿವೆ, B19ರಲ್ಲಿ 0 ಇದೆ. ಏಪ್ರಿಲ್ ಮೊದಲ ವಾರದಲ್ಲಿ ಮತ್ತೆ 20 ಲಕ್ಷದ ಭತ್ತ ಉದ್ರಿಗೆ ಬಂದು ಗೋದಾಮು ಸೇರಿದರೆ ಲೆಕ್ಕ ಮೊದಲಿನ 1.27ಕ್ಕೇ ಬಂದು ನಿಲ್ಲುತ್ತದೆ. ಅದನ್ನು ಕಾಣಬೇಕಾದರೆ ಬ್ಯಾಂಕಿಗೆ ತಿಂಗಳು ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟನ್ನು ಪಕ್ಕದಲ್ಲಿಟ್ಟು, ಮಾರ್ಚಿನ ಜೊತೆ ಫೆಬ್ರವರಿ, ಏಪ್ರಿಲ್ ತಿಂಗಳುಗಳ ದಾಸ್ತಾನು ಮತ್ತು ಬಾಕಿಗಳನ್ನೂ ನೋಡಬೇಕು.