ದೇವರ ಮುಂದೆ ಇಡುವ ದೂರು

ಊರಲ್ಲಿ ದುರಂತ ನಡೆದ ವಾರದ ಭಾನುವಾರ, ಆರಾಧನೆ ನಡೆಸಲು ಎದ್ದು ನಿಂತ ಸಭಾಪಾಲಕರ ಬಾಯಿಗೆ ಮೊದಲು ಬರುವುದು ಸಮಾಧಾನದ ಮಾತು. ದೇವರ ಚಿತ್ತ ಹೀಗಿತ್ತು, ಆತ ತನಗೆ ಇಷ್ಟವಾದವರನ್ನು ಬೇಗ ಕರೆದುಕೊಳ್ಳುತ್ತಾನೆ, ಅವರೀಗ ನಮಗಿಂತ ಸುಖವಾಗಿದ್ದಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಮುಂದಿನ ಬೆಂಚಿನಲ್ಲಿ ಕೂತ ತಾಯಿಗೆ ಅದು ಬೇರೆಯಾಗಿ ಕೇಳಿಸುತ್ತದೆ: ಇನ್ನು ಅಳಬೇಡ, ಅತ್ತರೆ ನಿನ್ನ ನಂಬಿಕೆ ಸಾಲದು. ಮಗುವನ್ನು ಕಿತ್ತುಕೊಂಡವನು ದೇವರೇ ಎಂದಾದರೆ ಅವನ ಹತ್ತಿರ ಇನ್ನೇನು ಬೇಡಿಕೊಳ್ಳುವುದು ಎಂಬ ಪ್ರಶ್ನೆಯೂ ಅವಳ ಜೊತೆ ಮನೆಗೆ ಹೋಗುತ್ತದೆ.

ಬೈಬಲಿನಲ್ಲಿ ಇಂಥ ಹೊತ್ತಿಗೆಂದೇ ಬೇರೊಂದು ಬಗೆಯ ಪ್ರಾರ್ಥನೆಯಿದೆ. ಕೀರ್ತನೆಗಳ ಪುಸ್ತಕದ 150 ಹಾಡುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಪ್ರಲಾಪಗಳು, ಅಂದರೆ ದೇವರ ಎದುರಿಗೇ ಹೇಳಿಕೊಂಡ ದೂರುಗಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಹರ್ಮನ್ ಗುಂಕೆಲ್ ಕೀರ್ತನೆಗಳನ್ನು ಬಗೆಬಗೆಯಾಗಿ ವಿಂಗಡಿಸಿದಾಗ ಈ ಗುಂಪೇ ದೊಡ್ಡದೆಂದು ಕಂಡಿತು. ಆದರೂ ನಮ್ಮ ಭಾನುವಾರದ ಆರಾಧನೆಯಲ್ಲಿ ಕೇಳುವುದು ಹೆಚ್ಚಾಗಿ ಸ್ತುತಿಯೇ. ಅಮೆರಿಕದ ವಾಲ್ಟರ್ ಬ್ರೂಗಮನ್ 1986ರ ಒಂದು ಲೇಖನದಲ್ಲಿ ಇದರ ನಷ್ಟವನ್ನು ಲೆಕ್ಕ ಹಾಕಿದರು. ದೂರು ಹೇಳಲು ಜಾಗವಿಲ್ಲದ ಸಭೆ ಮೊದಲು ದೇವರ ಮುಂದೆ ಸುಮ್ಮನಾಗುತ್ತದೆ, ಆಮೇಲೆ ನ್ಯಾಯದ ಪ್ರಶ್ನೆ ಕೇಳುವುದನ್ನೇ ಮರೆಯುತ್ತದೆ ಎಂಬುದು ಅವರ ವಾದ. ದುಃಖದ ಪ್ರಾರ್ಥನೆಗೂ ನ್ಯಾಯಕ್ಕೂ ಇರುವ ಈ ನಂಟನ್ನೇ ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕಾಗಿದೆ.

ಪ್ರಲಾಪಕ್ಕೆ ಒಂದು ನಡೆ ಇದೆ. ಅದನ್ನು ಕಲಿಯಲು 13ನೆಯ ಕೀರ್ತನೆ ಸಾಕು, ಇರುವುದು ಆರೇ ವಚನ. ಮೊದಲ ಎರಡರಲ್ಲಿ ಬರೀ ದೂರು. ಇನ್ನೂ ಎಷ್ಟು ಕಾಲ ಎಂದು ಹಾಡುವವನು ನಾಲ್ಕು ಸಲ ಕೇಳುತ್ತಾನೆ. ದೇವರು ತನ್ನನ್ನು ಮರೆತನೆಂದು ಅವನ ಮುಖಕ್ಕೇ ಹೇಳುತ್ತಾನೆ. ಮುಂದಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಮಾತ್ರ ಭರವಸೆ. ದೂರಿಗೂ ಭರವಸೆಗೂ ಸಿಕ್ಕಿರುವ ಜಾಗ ಹೆಚ್ಚುಕಡಿಮೆ ಸಮ, ಆದರೆ ಭರವಸೆ ಬರುವುದು ಕೊನೆಗೆ. 88ನೆಯ ಕೀರ್ತನೆಯಲ್ಲಿ ಆ ತಿರುವೂ ಇಲ್ಲ. ಕತ್ತಲೆಯ ಮಾತಿನಲ್ಲೇ ಅದು ನಿಂತುಬಿಡುತ್ತದೆ. ಅದನ್ನು ಧರ್ಮಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ ಎಂಬುದನ್ನು ಪ್ರಾರ್ಥನೆ ನಡೆಸುವವರು ನೆನಪಿಟ್ಟುಕೊಳ್ಳಬೇಕು. ಮೊದಲ ವಾರದಲ್ಲಿ ಒಬ್ಬರೂ ಭರವಸೆಯ ಮಾತಿಗೆ ತಲುಪದಿದ್ದರೂ ಆ ಪ್ರಾರ್ಥನೆ ಕೆಟ್ಟಿತು ಎಂದಲ್ಲ.

ಇದು ನಮಗೆ ಹೊಸದೇನಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರು ಹೆಣದ ಮುಂದೆ ಕೂತು ಹಾಡ್ಯಾಡಿ ಅಳುತ್ತಾರೆ. ಸತ್ತವನ ಹೆಸರು ಹಿಡಿದು ಕೂಗಿ, ಅವನು ಉಡುತ್ತಿದ್ದ ಬಟ್ಟೆ, ಬಿಟ್ಟು ಹೋದ ಎತ್ತು, ಕಟ್ಟಿಸಬೇಕಿದ್ದ ಮನೆ ಎಲ್ಲವನ್ನೂ ಎಣಿಸಿ, ಹೀಗೇಕೆ ಮಾಡಿದೆ ಎಂದು ಶಿವನನ್ನೇ ಕೇಳುತ್ತಾರೆ. ಪ್ರವಾದಿ ಯೆರೆಮೀಯನೂ ತನ್ನ ಪುಸ್ತಕದ 9ನೆಯ ಅಧ್ಯಾಯದಲ್ಲಿ ಅಳುವುದರಲ್ಲಿ ಪಳಗಿದ ಹೆಂಗಸರನ್ನು ಕರೆಸಿ, ಆ ವಿದ್ಯೆಯನ್ನು ಹೆಣ್ಣುಮಕ್ಕಳಿಗೂ ಕಲಿಸಿರೆಂದು ಹೇಳಿಸುತ್ತಾನೆ. ಚರ್ಚಿನ ಲಿಖಿತ ಪ್ರಾರ್ಥನೆಗಿಂತ ಈ ಅಳುವಿನಲ್ಲಿ ವಿವರ ಜಾಸ್ತಿ. ಸಭಾಪಾಲಕರು ಇದರಿಂದ ಕಲಿಯಬೇಕಾದದ್ದೂ ಈ ವಿವರವನ್ನೇ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಹೊಳೆ ದಂಡೆಯ ಒಂದು ಸಣ್ಣ ಊರು. ರಜೆಯ ದಿನ ಭಾನುವಾರದ ಶಾಲೆಯ ಶಿಕ್ಷಕರೊಬ್ಬರು ಹುಡುಗರನ್ನು ಹೊಳೆಗೆ ಕರೆದುಕೊಂಡು ಹೋಗುತ್ತಾರೆ. ಮೊಣಕಾಲುದ್ದ ನೀರಿದ್ದ ಕಡೆಯಿಂದ ನಾಲ್ಕು ಹೆಜ್ಜೆ ಮುಂದೆ ಮರಳು ತೆಗೆದು ಬಿಟ್ಟ ಆಳವಾದ ಗುಂಡಿ. ಮೂವರು ಮುಳುಗುತ್ತಾರೆ. ಇಬ್ಬರು ಸಭೆಯ ಮನೆಗಳವರು, ಮೂರನೆಯವನು ಪಕ್ಕದ ಕೇರಿಯ ಮುಸ್ಲಿಂ ಮನೆಯ ಹುಡುಗ, ಅವರ ಜೊತೆ ಕ್ರಿಕೆಟ್ ಆಡುತ್ತಿದ್ದವನು. ಶಿಕ್ಷಕರು ಬದುಕಿದ್ದಾರೆ. ಭಾನುವಾರ ಅವರೂ ಚರ್ಚಿಗೆ ಬರುತ್ತಾರೆ, ಕೊನೆಯ ಬೆಂಚಿನಲ್ಲಿ ಕೂರುತ್ತಾರೆ.

ಸಭಾಪಾಲಕರ ಕೆಲಸ ಶನಿವಾರವೇ ಶುರುವಾಗುತ್ತದೆ. ಮೂರೂ ಮನೆಗಳಿಗೆ ಹೋಗಿ, ಪ್ರಾರ್ಥನೆಯಲ್ಲಿ ಹುಡುಗನ ಹೆಸರು ಹೇಳಬಹುದೇ, ಯಾವ ಹೆಸರು ಹೇಳಲಿ ಎಂದು ಕೇಳಬೇಕು. ಶಾಲೆಯ ದಾಖಲೆಯ ಹೆಸರು ಒಂದಾದರೆ ಮನೆಯಲ್ಲಿ ಕೂಗುವುದು ಇನ್ನೊಂದು. ಮುಸ್ಲಿಂ ಮನೆಯವರು ಚರ್ಚಿಗೆ ಬರುವುದಿದ್ದರೆ ಅಲ್ಲಿ ಏನೇನು ನಡೆಯುತ್ತದೆಂದು ಮುಂಚೆಯೇ ತಿಳಿಸಬೇಕು. ಬಾರದಿದ್ದರೂ, ಅವರು ಬೇಡವೆನ್ನದಿದ್ದರೆ, ಆ ಹುಡುಗನ ಹೆಸರು ಪಟ್ಟಿಯ ಕೊನೆಗೆ ಬೇರೆಯಾಗಿ ಅಲ್ಲ, ಉಳಿದಿಬ್ಬರ ನಡುವೆಯೇ ಬರಬೇಕು. ಶಿಕ್ಷಕರ ಮನೆಗೂ ಹೋಗಿಬರಬೇಕು. ಅದೇ ಹೆಚ್ಚು ಕಷ್ಟದ ಭೇಟಿ.

ನಡೆಸುವವರ ಗಂಟಲು ಕಟ್ಟಿದರೆ ಮುಂದುವರಿಸಲು ಇನ್ನೊಬ್ಬರು ಅದೇ ಹಾಳೆ ಹಿಡಿದು ಪಕ್ಕದಲ್ಲಿ ನಿಂತಿರಲಿ. ಸಭಾಪಾಲಕರು ಅತ್ತರೆ ತಪ್ಪಿಲ್ಲ. ಆದರೆ ಅವರನ್ನು ಸಮಾಧಾನಪಡಿಸುವ ಕೆಲಸ ಸಭೆಯ ಮೇಲೆ ಬಿದ್ದರೆ ದುಃಖದಲ್ಲಿರುವವರು ಮೂಲೆಗೆ ಸೇರುತ್ತಾರೆ.

ಜನ ಒಟ್ಟಾಗಿ ಹೇಳುವ ಮಾತು ಚಿಕ್ಕದಿರಬೇಕು. ಹಾಳೆಯಲ್ಲಿ ಉದ್ದದ ವಾಕ್ಯ ಅಚ್ಚು ಮಾಡಿಸಿ ಕೊಟ್ಟರೆ ಓದು ಬಾರದ ಅಜ್ಜಿ ಸುಮ್ಮನಿರುತ್ತಾಳೆ, ಕಣ್ಣು ತುಂಬಿದವರಿಗೂ ಅಕ್ಷರ ಕಾಣುವುದಿಲ್ಲ. ಮೂರೋ ನಾಲ್ಕೋ ಪದ ಸಾಕು. ಪ್ರಾರ್ಥನೆ ಹೀಗಿರಬಹುದು:

ದೇವರೇ, ಈ ಮೂವರು ಹುಡುಗರು ಬುಧವಾರ ಸಂಜೆಯವರೆಗೆ ನಮ್ಮ ಬೀದಿಯಲ್ಲಿ ಆಡುತ್ತಿದ್ದರು. ಅವರ ಚಪ್ಪಲಿಗಳು ದಡದಲ್ಲಿ ಸಿಕ್ಕವು.
ಸಭೆ: ಕರ್ತನೇ, ನೀನೆಲ್ಲಿದ್ದೆ?
ನಾವು ಕೂಗಿದೆವು. ದಡದಲ್ಲಿದ್ದವರು ಹಗ್ಗ ಎಸೆದರು. ಹಗ್ಗ ಸಾಲಲಿಲ್ಲ.
ಸಭೆ: ಕರ್ತನೇ, ನೀನೆಲ್ಲಿದ್ದೆ?
ಹೊಳೆಯಲ್ಲಿ ಆ ಗುಂಡಿ ತಾನಾಗಿ ಆದದ್ದಲ್ಲ. ಅಲ್ಲಿ ಎಚ್ಚರಿಕೆಯ ಫಲಕವೂ ಇರಲಿಲ್ಲ.
ಸಭೆ: ಕರ್ತನೇ, ಇದನ್ನು ನೋಡು.

ಇದಾದ ಮೇಲೆ ಹೆಸರುಗಳು, ಒಂದೊಂದರ ನಡುವೆ ಬಿಡುವು ಕೊಟ್ಟು. ಆಮೇಲೆ ಮೌನ. ಮೌನವನ್ನು ನಡೆಸುವವರು ತಮ್ಮ ಅಂದಾಜಿಗೆ ಬಿಟ್ಟರೆ ಹದಿನೈದೇ ಸೆಕೆಂಡಿಗೆ ಹಾಡು ಎತ್ತಿಬಿಡುತ್ತಾರೆ; ಮುಂದೆ ನಿಂತವರಿಗೆ ಮೌನ ಬಹಳ ಉದ್ದವೆನಿಸುತ್ತದೆ. ಗಡಿಯಾರ ನೋಡಿ ಪೂರ್ತಿ ಎರಡು ನಿಮಿಷ ಕೊಡಬೇಕು. ಎಷ್ಟು ಹೊತ್ತು ಸುಮ್ಮನಿರುತ್ತೇವೆಂದು ಮೊದಲೇ ಹೇಳಿದರೆ ಜನ ತಡವರಿಸುವುದಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಗಟ್ಟಿಯಾಗಿ ಅತ್ತರೆ ಕೀಬೋರ್ಡಿನವರು ಅದನ್ನು ಮುಚ್ಚಲು ಮೆಲ್ಲಗೆ ರಾಗ ನುಡಿಸಬಾರದು. ಇತ್ತೀಚೆಗೆ ಬಂದಿರುವ ಈ ಅಭ್ಯಾಸ ನನಗಂತೂ ಹಿಡಿಸುವುದಿಲ್ಲ. ಫೋನಿನಲ್ಲಿ ಚಿತ್ರಿಸುವುದು ಬೇಡವೆಂದು ಬಾಗಿಲಲ್ಲೇ ಹೇಳಿಬಿಡುವುದು ಒಳ್ಳೆಯದು.

ಗುಂಡಿಯ ಮಾತು ಪ್ರಾರ್ಥನೆಯಲ್ಲಿ ಏಕೆ ಬೇಕು ಎಂದು ಕೆಲವರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ವೇಲ್ಸ್ ದೇಶದ ಅಬರ್‌ಫಾನ್ ಎಂಬ ಗಣಿ ಹಳ್ಳಿಯಲ್ಲಿದೆ. 1966ರ ಅಕ್ಟೋಬರ್ 21ರ ಬೆಳಿಗ್ಗೆ, ಊರ ಮೇಲಿನ ಗುಡ್ಡದಲ್ಲಿ ಸುರಿದಿದ್ದ ಕಲ್ಲಿದ್ದಲು ಗಣಿಯ ತ್ಯಾಜ್ಯದ ರಾಶಿ ಮಳೆನೀರು ಕುಡಿದು ಜಾರಿ ಶಾಲೆಯ ಮೇಲೆ ಬಿತ್ತು. ಸತ್ತವರು 144 ಜನ, ಅವರಲ್ಲಿ 116 ಮಕ್ಕಳು. ಊರಿನ ಬೆಥಾನಿಯಾ ಚಾಪೆಲ್ಲಿನಲ್ಲೇ ಹೆಣಗಳನ್ನು ಮಲಗಿಸಲಾಯಿತು. ಅಲ್ಲಿನ ಬ್ಯಾಪ್ಟಿಸ್ಟ್ ಪಾಸ್ಟರ್ ಕೆನೆತ್ ಹೇಯ್ಸ್ ಅವರ ಮಗನೂ ಸತ್ತವರಲ್ಲಿದ್ದ. ರಾಶಿಯ ಕೆಳಗೆ ಯಾರಿಗೂ ತಿಳಿಯದ ಒರತೆ ಇತ್ತೆಂದು ಗಣಿ ನಡೆಸುತ್ತಿದ್ದ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯ ಅಧ್ಯಕ್ಷರು ಹೇಳಿದರು. ಸಾವಿನ ವಿಚಾರಣೆಯಲ್ಲಿ ಒಬ್ಬ ತಂದೆ ಎದ್ದು ನಿಂತು, ಮರಣ ಪತ್ರದಲ್ಲಿ ಕಾರಣವಾಗಿ ಆ ಮಂಡಳಿಯ ಹೆಸರನ್ನೇ ಬರೆಯಿರಿ ಎಂದು ಹಟ ಹಿಡಿದ. ಒರತೆ ಊರವರಿಗೆ ಗೊತ್ತಿದ್ದದ್ದೇ. 1967ರಲ್ಲಿ ಬಂದ ವಿಚಾರಣಾ ಮಂಡಳಿಯ ವರದಿಯೂ ಹೊಣೆಯನ್ನು ಕಲ್ಲಿದ್ದಲು ಮಂಡಳಿಯ ಮೇಲೆಯೇ ಹೊರಿಸಿತು. ಅಂಥ ಊರಿನ ಪ್ರಾರ್ಥನೆಯಲ್ಲಿ ಎಲ್ಲವೂ ದೈವಚಿತ್ತ ಎಂದು ಹೇಳಿದರೆ ದೇವರ ಹೆಸರು ಮಂಡಳಿಯ ಪರವಾಗಿ ಸಾಕ್ಷಿ ನುಡಿದಂತಾಗುತ್ತಿತ್ತು.

ಆದರೆ ಇದಕ್ಕೆ ಒಂದು ಗಡಿಯೂ ಇದೆ. ನಮ್ಮ ಹೊಳೆಯಲ್ಲಿ ಗುಂಡಿ ಇದ್ದದ್ದು, ಫಲಕ ಇಲ್ಲದ್ದು ಎಲ್ಲರೂ ಕಣ್ಣಾರೆ ಕಂಡದ್ದು, ಅದನ್ನು ಹೇಳಬಹುದು. ಮರಳು ತೆಗೆಸಿದವರು ಯಾರೆಂಬುದು ತನಿಖೆ ಮುಗಿಯುವವರೆಗೆ ಬಾಯಿಮಾತು. ಆ ಹೆಸರು ಪ್ರಾರ್ಥನೆಯಲ್ಲಿ ಬರಬಾರದು. ವೇದಿಕೆಯಿಂದ ಹೇಳಿದ ಹೆಸರಿಗೆ ಎದುರುತ್ತರ ಕೊಡಲು ಯಾರಿಗೂ ಅವಕಾಶವಿರುವುದಿಲ್ಲ.

ಕೊನೆಯ ಬೆಂಚಿನ ಶಿಕ್ಷಕರನ್ನು ಏನು ಮಾಡುವುದು? ಪ್ರಲಾಪ ಹದ ತಪ್ಪುವುದು ಹೆಚ್ಚಾಗಿ ಇಲ್ಲೇ. ಸಿಟ್ಟನ್ನು ಹೊರಬಿಡಲು ಜನರಿಗೆ ಅವಕಾಶ ಕೊಟ್ಟ ಕೂಡಲೇ ಅದು ಹತ್ತಿರದಲ್ಲಿ ಕೈಗೆ ಸಿಗುವವರ ಮೇಲೆ ಹರಿಯುತ್ತದೆ. ಜನ ಹೇಳುವ ಸಾಲು ದೇವರನ್ನೇ ಕೇಳುವ ಹಾಗಿದ್ದರೆ ಸಿಟ್ಟಿಗೆ ಒಂದು ದಿಕ್ಕು ಸಿಗುತ್ತದೆ. 44ನೆಯ ಕೀರ್ತನೆ ಮಾಡುವುದೂ ಇದನ್ನೇ, ಅದು ನಿದ್ದೆ ಹೋದವನನ್ನು ಎಬ್ಬಿಸುವಂತೆ ದೇವರನ್ನು ಎಬ್ಬಿಸುತ್ತದೆ. ಶಿಕ್ಷಕರಿಗಾಗಿ ಪ್ರಾರ್ಥಿಸಬೇಕು, ಆದರೆ ಅವರನ್ನು ಎದ್ದು ನಿಲ್ಲಿಸಿ ಅಲ್ಲ, ಕ್ಷಮಿಸುತ್ತೇವೆ ಎಂದೂ ಅಲ್ಲ. ಆ ಮಾತಿನ ಹಕ್ಕಿರುವುದು ಮೂರು ಮನೆಗಳಿಗೆ, ಅದೂ ಅವರಿಗೆ ಬೇಕೆನಿಸಿದಾಗ. ಈಜಿ ದಡ ಸೇರಿದವರಿಗೂ ನಿದ್ದೆ ಬರಲಿ ಎಂಬ ಒಂದು ಸಾಲು ಸಾಕು. ಉಳಿದ ಹುಡುಗರೂ ಅದರೊಳಗೆ ಬರುತ್ತಾರೆ.

ಪ್ರಸಂಗ ಅಂದು ಹತ್ತು ನಿಮಿಷ ದಾಟಬಾರದು. ಹೀಗೇಕೆ ಆಯಿತೆಂದು ವಿವರಿಸುವ ಆಸೆಯನ್ನಂತೂ ಪೂರ್ತಿ ಬಿಟ್ಟುಬಿಡಬೇಕು. ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಪಕ್ಕ ಮಾತಿಲ್ಲದೆ ಕೂತಿದ್ದರು. ಅವರು ಕೆಟ್ಟದ್ದು ಬಾಯಿಬಿಟ್ಟ ಮೇಲೆ. ಕೊನೆಗೊಂದು ಹಾಡು ಇರಲಿ, ಎಲ್ಲರಿಗೂ ಬಾಯಿಪಾಠ ಬರುವಂಥ ನಿಧಾನದ ಹಾಡು. ಮನೆಯವರು ಹಾಡಲಾರದೆ ಹೋದರೆ ಉಳಿದವರು ಅವರ ಪರವಾಗಿ ಹಾಡುತ್ತಾರೆ.

ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಎಲ್ಲ ಮೊದಲಿನಂತಾಗುತ್ತದೆ, ಮನೆಯವರಿಗೆ ಮಾತ್ರ ಆಗುವುದಿಲ್ಲ. ಹಾಗಾಗಿ ಮೂವರ ಹೆಸರನ್ನು ನಲವತ್ತನೆಯ ದಿನಕ್ಕೂ ಶಾಲೆ ಮತ್ತೆ ತೆರೆಯುವ ವಾರಕ್ಕೂ ಕ್ರಿಸ್ಮಸ್ಸಿಗೂ ಮೊದಲೇ ಡೈರಿಯಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು. ವರ್ಷದ ದಿನ ಅದೇ ಪ್ರಾರ್ಥನೆಯನ್ನು ಮತ್ತೆ ತೆಗೆದು ಓದುವಾಗ ಸಾಲು ಸಾಲಾಗಿ ಪರಿಶೀಲಿಸಬೇಕು. ಅಷ್ಟರಲ್ಲಿ ಹೊಳೆಯ ಗುಂಡಿಗೆ ಬೇಲಿ ಹಾಕಿದ್ದರೆ ಆ ಸಾಲನ್ನು ಕೃತಜ್ಞತೆಯ ಭಾಗಕ್ಕೆ ಸೇರಿಸಬಹುದು. ಹಾಕಿರದಿದ್ದರೆ ಅದು ದೂರಿನಲ್ಲೇ ಇರುತ್ತದೆ, ಮುಂದಿನ ವರ್ಷಕ್ಕೂ.